ಪೂರ್ವದ ಬಾಗಿಲು, ಪಶ್ಚಿಮದ ಬಿಸಿಲು: ವಾಕ್‌ಥ್ರೂ ವಿಡಿಯೊಗಳಿಗೆ ಬರೆಯುವವರಿಗೊಂದು ಬಹಿರಂಗ ಪತ್ರ

ಬೆಂಗಳೂರು

ಅಪಾರ್ಟ್‌ಮೆಂಟ್ ವಾಕ್‌ಥ್ರೂ ವಿಡಿಯೊಗಳಿಗೆ ಕನ್ನಡದಲ್ಲಿ ವಾಯ್ಸ್ ಓವರ್ ಬರೆಯುವ ಗೆಳೆಯ ಗೆಳತಿಯರೇ,



ನಾನೇ ಬರೆದ ಒಂದು ಸಾಲಿನಿಂದ ಈ ಪತ್ರ ಶುರು ಮಾಡುತ್ತೇನೆ. “ಬೆಳಗಿನ ಎಳೆಬಿಸಿಲು ನಿಮ್ಮ ಹಾಲ್ ತುಂಬಿಕೊಳ್ಳುತ್ತದೆ.” ಊರಾಚೆ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ವಿಡಿಯೊಗೆ ಬರೆದದ್ದು ಅದು. ಮಾರ್ಕೆಟಿಂಗ್‌ನವರು ಕೊಟ್ಟ ಟಿಪ್ಪಣಿಯಲ್ಲಿ ‘ಈಸ್ಟ್ ಫೇಸಿಂಗ್’ ಎಂದಿತ್ತು. ವಿಡಿಯೊದಲ್ಲಿ ಬಾಲ್ಕನಿಯ ಗಾಜಿನಿಂದ ಹೊಂಬಣ್ಣದ ಬೆಳಕು ಸೋಫಾದ ಮೇಲೆ ಬೀಳುತ್ತಿತ್ತು. ಎರಡನ್ನೂ ಕೂಡಿಸಿ ಬರೆದೆ. ಎಲ್ಲರೂ ಮೆಚ್ಚಿದರು, ನನಗೂ ಹಿಡಿಸಿತು.

ಅಲ್ಲಿ ಮನೆ ಕೊಂಡವರಲ್ಲಿ ನನ್ನ ಸೋದರತ್ತೆಯ ಮಗನೂ ಒಬ್ಬ. ಗೃಹಪ್ರವೇಶವಾಗಿ ಕೆಲವು ತಿಂಗಳ ಮೇಲೆ, ಏಪ್ರಿಲ್‌ನ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ನಾಲ್ಕು ಗಂಟೆಯ ಬಿಸಿಲು ನೇರ ಹಾಲಿಗೆ ನುಗ್ಗಿ ನೆಲ ಕಾದಿತ್ತು. ಎರಡು ಪದರ ಪರದೆ ಎಳೆದು ಅತ್ತೆ ಒಳಗಿನ ರೂಮಿನಲ್ಲಿ ಕೂತಿದ್ದರು. “ಬೆಳಿಗ್ಗೆ ಮಂಡಿಗೆ ಸ್ವಲ್ಪ ಬಿಸಿಲು ಕಾಯಿಸಿಕೊಳ್ಳೋಣ ಅಂದುಕೊಂಡಿದ್ದೆ ಕಣಪ್ಪ. ವಿಡಿಯೊದಲ್ಲಿ ಎಳೆಬಿಸಿಲು ಬರುತ್ತೆ ಅಂದಿದ್ರು. ಎಲ್ಲಿಂದ ಬರುತ್ತೆ ಅಂತ ಇವತ್ತಿಗೂ ಹುಡುಕ್ತಾ ಇದೀನಿ” ಎಂದರು. ಆ ಮಾತು ಬರೆದವನು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಅವತ್ತು ನಾನು ಹೇಳಿದೆ. ಅವರು ಬೈಯಲಿಲ್ಲ. ಆದರೆ ಅಂದಿನಿಂದ ನಾನು ಈ ಕೆಲಸ ಮಾಡುವ ರೀತಿ ಬದಲಾಯಿತು. ಅದನ್ನು ನಿಮ್ಮ ಮುಂದಿಡಬೇಕೆಂದೇ ಬರೆಯುತ್ತಿದ್ದೇನೆ.

ತಪ್ಪು ಎಲ್ಲಾಯಿತು ಎಂದು ಮೊದಲು ನೋಡೋಣ. ನಮ್ಮಲ್ಲಿ ‘ಪೂರ್ವ ದಿಕ್ಕಿನ ಮನೆ’ ಎಂದರೆ ಮುಂಬಾಗಿಲು ಪೂರ್ವಕ್ಕಿದೆ ಎಂದರ್ಥ. ಊರಿನ ಒಂಟಿ ಮನೆಯಲ್ಲಿ ಬಾಗಿಲ ಮುಂದೆ ಅಂಗಳ, ಅಂಗಳದ ಮೇಲೆ ಆಕಾಶ. ಅಲ್ಲಿ ಪೂರ್ವದ ಬಾಗಿಲೆಂದರೆ ಬೆಳಗಿನ ಬಿಸಿಲು ಬಂದೇ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಅದೇ ಬಾಗಿಲು ತೆರೆಯುವುದು ಕಾರಿಡಾರಿಗೆ, ಎದುರಿಗಿರುವುದು ಲಿಫ್ಟು ಅಥವಾ ಇನ್ನೊಬ್ಬರ ಬಾಗಿಲು. ಬೆಳಕು ಬರುವುದು ಬಾಲ್ಕನಿಯಿಂದ, ಬಾಲ್ಕನಿ ಸಾಮಾನ್ಯವಾಗಿ ಬಾಗಿಲಿನ ಎದುರು ತುದಿಯಲ್ಲಿರುತ್ತದೆ. ಹಾಗಾಗಿ ವಾಸ್ತುವಿನ ಲೆಕ್ಕದಲ್ಲಿ ಪೂರ್ವದ ಮನೆಯಾದದ್ದು ಬಿಸಿಲಿನ ಲೆಕ್ಕದಲ್ಲಿ ಎಷ್ಟೋ ಸಲ ಪಶ್ಚಿಮದ ಮನೆ. ನನಗೆ ಸಿಕ್ಕಿದ್ದ ಟಿಪ್ಪಣಿಯಲ್ಲಿ ಸುಳ್ಳಿರಲಿಲ್ಲ. ಬಾಗಿಲಿನ ಮಾತನ್ನು ಕಿಟಕಿಯ ಮಾತಾಗಿ ಮಾಡಿ ಸುಳ್ಳು ಬರೆದವನು ನಾನು.

ಹಾಗಾದರೆ ವಿಡಿಯೊದಲ್ಲಿ ಕಂಡ ಬೆಳಕು? ಅದನ್ನು ರೆಂಡರ್ ಮಾಡುವವರು ಚಂದ ಕಾಣಲೆಂದು ಇಟ್ಟದ್ದು. ಕಂಪ್ಯೂಟರಿನೊಳಗೆ ಕಟ್ಟಿದ ಮನೆಗೆ ಸೂರ್ಯನನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಎರಡು ಶಾಟ್‌ಗಳಿಗೆ ಎರಡು ದಿಕ್ಕಿನಿಂದ ಬಿಸಿಲು ಬಿಟ್ಟ ವಿಡಿಯೊಗಳಿಗೂ ನಾನು ಬರೆದಿದ್ದೇನೆ. ನಿಜವಾದ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಡಿಸೆಂಬರಿನಲ್ಲಿ ದಕ್ಷಿಣದ ಬಾಲ್ಕನಿಗೆ ಒಳ್ಳೆಯ ಬಿಸಿಲು ಸಿಗುತ್ತದೆ, ಉತ್ತರದ ಬಾಲ್ಕನಿಗೆ ಸಿಗುವುದಿಲ್ಲ. ಪಶ್ಚಿಮದ ಗಾಜಿಗೆ ಮಾತ್ರ ಬೇಸಿಗೆಯ ಇಳಿಹೊತ್ತಿನ ಬಿಸಿಲು ನೇರವಾಗಿ ಹೊಡೆಯುತ್ತದೆ. ಇಷ್ಟನ್ನು ತಿಳಿದು, ನಕ್ಷೆಯ ಮೂಲೆಯಲ್ಲಿರುವ ಉತ್ತರದ ಬಾಣವನ್ನು ನೋಡಿದರೆ ಸಾಕು, ಬಿಸಿಲಿನ ಬಗ್ಗೆ ಏನು ಬರೆಯಬಹುದು, ಏನು ಬರೆಯಬಾರದು ಎಂಬುದು ಗೊತ್ತಾಗುತ್ತದೆ. ಎದುರಿಗೆ ಇನ್ನೊಂದು ಟವರ್ ಇದ್ದರೆ ಆ ಬಿಸಿಲೂ ಎಷ್ಟನೇ ಮಹಡಿಯವರೆಗೆ ಇಳಿಯುತ್ತದೆ ಎಂದು ಕೇಳಲೇಬೇಕು.

ಈ ಪ್ರಸಂಗದಿಂದ ನಾನು ಕಲಿತದ್ದು ಒಂದೇ ಮಾತು. ವಾಕ್‌ಥ್ರೂನಲ್ಲಿ ಚಿತ್ರ ಹೇಳಿದ್ದನ್ನೇ ಧ್ವನಿ ಮತ್ತೆ ಹೇಳಬಾರದು, ಚಿತ್ರಕ್ಕೆ ಹೇಳಲಾಗದ್ದನ್ನು ಹೇಳಬೇಕು. ಚಿತ್ರ ತೋರಿಸುವುದು ಇನ್ನೂ ಕಟ್ಟದ ಮನೆಯನ್ನು. ಅದರಲ್ಲಿ ಅಳತೆಯಿಲ್ಲ, ದಿಕ್ಕಿಲ್ಲ, ಗಡಿಯಾರವಿಲ್ಲ, ಧೂಳಿಲ್ಲ. ಈ ನಾಲ್ಕರ ಸುದ್ದಿ ಕೇಳುಗನಿಗೆ ಬರುವುದಾದರೆ ನಮ್ಮ ಬಾಯಿಂದಲೇ ಬರಬೇಕು. ದಾವಣಗೆರೆಯಲ್ಲಿ ಕೂತು ಬೆಂಗಳೂರಿನ ಮನೆ ನೋಡುವ ತಂದೆ ತಾಯಿಗೆ, ದುಬೈಯಲ್ಲಿ ಕೂತು ಮುಂಗಡ ಕಳಿಸುವ ಮಗಳಿಗೆ, ಸೈಟಿಗೆ ಹೋಗಿ ನೋಡುವ ಮೊದಲು ಸಿಗುವ ನಡಿಗೆ ಎಂದರೆ ಈ ಮೂರು ನಿಮಿಷದ ವಿಡಿಯೊವೇ.

ಅಳತೆಯಿಂದ ಶುರು ಮಾಡುತ್ತೇನೆ. ಎರಡು ಬೆಡ್‌ರೂಮಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಬ್ರೋಷರಿನಲ್ಲಿ 1,180 ಚದರ ಅಡಿ ಎಂದಿದೆ. ಅದು ಸೂಪರ್ ಬಿಲ್ಟ್ ಅಪ್. ಕಾರ್ಪೆಟ್ ಏರಿಯಾ 740. ಕಾರ್ಪೆಟ್ ಏರಿಯಾ ಎಂದರೇನು ಎಂಬುದನ್ನು 2016ರ ರೇರಾ ಕಾಯ್ದೆಯೇ ಹೇಳಿದೆ. ಹೊರಗೋಡೆ, ಪೈಪುಗಳು ಹೋಗುವ ಶಾಫ್ಟು, ಬಾಲ್ಕನಿ, ತೆರೆದ ಟೆರೇಸು ಇವು ಅದರ ಲೆಕ್ಕಕ್ಕೆ ಸೇರುವುದಿಲ್ಲ. ರೂಮುಗಳ ನಡುವಿನ ಅಡ್ಡಗೋಡೆಗಳು ಸೇರುತ್ತವೆ. ಅಂದರೆ ನಮ್ಮ ಉದಾಹರಣೆಯಲ್ಲಿ 440 ಚದರ ಅಡಿ ಮನೆಯ ಒಳಗೆ ಇಲ್ಲ. ಹತ್ತಡಿ ಉದ್ದ ಹತ್ತಡಿ ಅಗಲದ ನಾಲ್ಕು ರೂಮಿಗಿಂತ ಹೆಚ್ಚು ಜಾಗ ಅದು. ಅದು ಬಾಲ್ಕನಿಯಲ್ಲಿದೆ, ಹೊರಗೋಡೆಯಲ್ಲಿದೆ, ಲಾಬಿ, ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸ್‌ಗಳ ಪಾಲಿನಲ್ಲಿದೆ. “ಸಾವಿರದ ನೂರ ಎಂಬತ್ತು ಚದರ ಅಡಿಯ ವಿಶಾಲ ಮನೆ” ಎಂದು ಹೇಳುತ್ತ ಕ್ಯಾಮೆರಾ ಹಾಲಿನೊಳಗೆ ನಡೆದರೆ, ನೋಡುವವರು ಆ ಸಂಖ್ಯೆಯನ್ನು ತಾವು ಕಾಣುತ್ತಿರುವ ನೆಲಕ್ಕೆ ಕಟ್ಟಿಕೊಳ್ಳುತ್ತಾರೆ. ಆದ್ದರಿಂದ ಮನೆಯ ಒಳಗಿರುವಾಗ ಹೇಳಬೇಕಾದದ್ದು ಕಾರ್ಪೆಟ್ ಏರಿಯಾ ಮಾತ್ರ. ದೊಡ್ಡ ಸಂಖ್ಯೆಯನ್ನು ಹೇಳಲೇಬೇಕೆಂದು ಹಟ ಬಂದರೆ, ಕ್ಯಾಮೆರಾ ಹೊರಗೆ ಲಾಬಿಯಲ್ಲಿರುವಾಗ, ಅದರಲ್ಲಿ ಲಾಬಿಯ ಪಾಲೂ ಸೇರಿದೆ ಎಂದು ಜೊತೆಗೇ ಹೇಳಿ.

ಇನ್ನು ಕ್ಯಾಮೆರಾ. ರೆಂಡರ್‌ನಲ್ಲಿ ಕ್ಯಾಮೆರಾವನ್ನು ಗೋಡೆಯ ಆಚೆ ನಿಲ್ಲಿಸಿ, ಅಡ್ಡ ಬಂದ ಗೋಡೆಯನ್ನು ಮಾಯ ಮಾಡಬಹುದು. ಹತ್ತಡಿ ರೂಮನ್ನು ಹದಿನಾಲ್ಕು ಅಡಿ ದೂರದಿಂದ ತೋರಿಸಬಹುದು. ನಿಜವಾದ ಮನೆಯಲ್ಲಿ ಅಷ್ಟು ದೂರ ನಿಲ್ಲಲು ಯಾರಿಗೂ ಜಾಗವಿರುವುದಿಲ್ಲ. ಅದರ ಮೇಲೆ ಅಗಲ ಕೋನದ ಲೆನ್ಸು; 18 ಎಂಎಂ ಲೆನ್ಸಿಗೆ ಎಡದಿಂದ ಬಲಕ್ಕೆ ಸುಮಾರು 90 ಡಿಗ್ರಿ ಕಾಣುತ್ತದೆ, ಹತ್ತಿರದ ಸಾಮಾನು ಹಿಗ್ಗಿ ಎದುರಿನ ಗೋಡೆ ದೂರ ಸರಿದಂತಾಗುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ಸುಲಭದ ದಾರಿಯಿದೆ. ವಿಡಿಯೊವನ್ನು ಮೊದಲು ಸದ್ದಿಲ್ಲದೆ ನೋಡಿ, ಪ್ರತಿ ರೂಮಿನ ಅಗಲವನ್ನು ಕಣ್ಣಂದಾಜಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ನಕ್ಷೆ ತೆರೆದು ಹೋಲಿಸಿ. ಎಲ್ಲಿ ನಿಮ್ಮ ಅಂದಾಜು ಎರಡು ಅಡಿಗಿಂತ ಹೆಚ್ಚು ತಪ್ಪಿತೋ ಅಲ್ಲಿ ಚಿತ್ರ ಕಣ್ಣಿಗೆ ಮೋಸ ಮಾಡುತ್ತಿದೆ. ಅಲ್ಲೇ ನಿಮ್ಮ ಧ್ವನಿ ಅಳತೆಯನ್ನು ಹೇಳಬೇಕು.

ಅಳತೆಯನ್ನು ಬರೀ ಅಂಕಿಯಾಗಿ ಹೇಳಿದರೆ ಕೇಳುವವರಿಗೆ ನಿಲ್ಲುವುದಿಲ್ಲ. ಅದನ್ನು ಮಂಚಕ್ಕೆ, ಬೀರುವಿಗೆ ಕಟ್ಟಿ ಹೇಳಬೇಕು. ನಮ್ಮ ಮನೆಯ ಬೆಡ್‌ರೂಮು ಹನ್ನೊಂದು ಅಡಿ ಉದ್ದ, ಹತ್ತು ಅಡಿ ಅಗಲ ಎನ್ನಿ. ಹತ್ತಡಿ ಗೋಡೆಯ ಉದ್ದಕ್ಕೂ ಎರಡಡಿ ಆಳದ ವಾರ್ಡ್‌ರೋಬು ಬಂತು. ಹನ್ನೊಂದು ಅಡಿಯಲ್ಲಿ ಒಂಬತ್ತು ಉಳಿಯಿತು. ಆ ಒಂಬತ್ತು ಅಡಿ ಗೋಡೆಗೆ ತಲೆಯಿಟ್ಟು ಐದಡಿ ಅಗಲದ ಮಂಚ ಹಾಕಿದರೆ ಎರಡೂ ಬದಿ ಎರಡೆರಡು ಅಡಿ ಸಿಗುತ್ತದೆ, ಓಡಾಡಬಹುದು. ಆರಡಿ ಅಗಲದ ಮಂಚ ಹಾಕಿದರೆ ಒಂದೊಂದೂವರೆ ಅಡಿ ಮಾತ್ರ. ಎರಡಡಿಯ ವಾರ್ಡ್‌ರೋಬ್ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮನೆಗೆ ಬಂದ ಮೇಲೆ ಮಂಚಕ್ಕೆ ಮಂಡಿ ತಾಗಿಸಿಕೊಂಡು ಸೀರೆ ತೆಗೆಯಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ರೆಂಡರ್ ಮಾಡಿದವರು ಇಟ್ಟಿರುವ ಮಂಚ ಎಷ್ಟು ಅಗಲದ್ದು ಎಂದು ಕೇಳಿ. ಅವರ ಫೈಲಿನಲ್ಲಿ ಅದು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಸಿಗದ ಗಾತ್ರದ ಮಂಚ, ಸೋಫಾ ಇಟ್ಟು ರೂಮನ್ನು ದೊಡ್ಡದು ಮಾಡಿದ್ದರೆ ಅದನ್ನು ಬದಲಿಸಲು ಹೇಳುವುದೂ ನಮ್ಮ ಕೆಲಸವೇ.

ಈಗ ಎರಡು ಬರಹಗಳನ್ನು ಅಕ್ಕಪಕ್ಕ ಇಡುತ್ತೇನೆ. ಮೊದಲನೆಯದು ನಮ್ಮಲ್ಲಿ ಸಾಮಾನ್ಯವಾಗಿ ಬರುವಂಥದ್ದು:

“ನಿಮ್ಮ ಕನಸುಗಳಿಗೆ ಸುಸ್ವಾಗತ. ವಿಶಾಲವಾದ ಲಿವಿಂಗ್ ಏರಿಯಾದಲ್ಲಿ ಐಷಾರಾಮದ ಅನುಭವ. ನೆಮ್ಮದಿಯ ನಿದ್ದೆಗೆ ರಾಜವೈಭವದ ಮಲಗುವ ಕೋಣೆ. ಪ್ರಕೃತಿಯ ಮಡಿಲಲ್ಲಿ ಪ್ರತಿ ಬೆಳಗೂ ಒಂದು ಹಬ್ಬ.”

ಇದನ್ನು ಯಾವ ಊರಿನ ಯಾವ ಮನೆಗೆ ಬೇಕಾದರೂ ಅಂಟಿಸಬಹುದು. ಎರಡನೆಯದು ನಮ್ಮ ಉದಾಹರಣೆಯ ಮನೆಗೆ ಮಾತ್ರ ಹೊಂದುವಂಥದ್ದು:

“ಬಾಗಿಲು ಪೂರ್ವಕ್ಕಿದೆ. ಒಳಗೆ ಬಂದ ಕೂಡಲೇ ಎಡಕ್ಕೆ ಚಪ್ಪಲಿ ಗೂಡು. ಮುಂದೆ ಹಾಲ್, ಹತ್ತೂವರೆ ಅಡಿ ಅಗಲ, ಬಾಲ್ಕನಿಯವರೆಗೆ ಹತ್ತೊಂಬತ್ತು ಅಡಿ ಉದ್ದ. ಸೋಫಾಕ್ಕೂ ಊಟದ ಮೇಜಿಗೂ ಇದೇ ಜಾಗ. ಬಾಲ್ಕನಿ ಪಶ್ಚಿಮಕ್ಕಿದೆ. ಬೆಳಿಗ್ಗೆ ಇಲ್ಲಿ ನೆರಳು, ಕಾಫಿ ಹಿಡಿದು ಕೂರಬಹುದು. ಬೇಸಿಗೆಯ ಮಧ್ಯಾಹ್ನ ಬಿಸಿಲು ಒಳಗೆ ಬರುತ್ತದೆ, ಪರದೆ ಬೇಕಾಗುತ್ತದೆ. ಅಡುಗೆಮನೆಯ ಹಿಂದೆ ಯುಟಿಲಿಟಿ. ವಾಷಿಂಗ್ ಮೆಷಿನ್ನಿಗೆ ನಲ್ಲಿ, ಪ್ಲಗ್ಗು ಎರಡೂ ಇಲ್ಲಿವೆ. ಬಟ್ಟೆ ಒಣಗಿಸುವ ತಂತಿಗೂ ಇದೇ ಜಾಗ. ಈ ಬೆಡ್‌ರೂಮಿನಲ್ಲಿ ಐದಡಿ ಅಗಲದ ಮಂಚ ಹಾಕಿದರೆ ಎರಡೂ ಬದಿ ಓಡಾಡಬಹುದು. ಆರಡಿಯ ಮಂಚ ಬೇಕೆಂದರೆ ವಾರ್ಡ್‌ರೋಬಿಗೆ ಜಾರುವ ಬಾಗಿಲು ಹಾಕಿಸಿ. ಇಲ್ಲಿ ಕಾಣುವ ಮಂಚ, ವಾರ್ಡ್‌ರೋಬು, ದೀಪಗಳು ಮನೆಯ ಬೆಲೆಯಲ್ಲಿ ಸೇರಿಲ್ಲ.”

ಎರಡನೆಯದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಆದರೂ ಅದು ಮನೆಯನ್ನು ತೆಗಳುವುದಿಲ್ಲ. ಬೆಳಗಿನ ನೆರಳು ನಿಜವಾದ ಸೌಕರ್ಯ. ಅದನ್ನು ಬಿಟ್ಟು ಇಲ್ಲದ ಎಳೆಬಿಸಿಲನ್ನು ಮಾರುವ ಅಗತ್ಯವೇನಿತ್ತು? ‘ವಿಶಾಲ’, ‘ಐಷಾರಾಮಿ’ ಎಂಬ ವಿಶೇಷಣಗಳನ್ನು ತೆಗೆದು ಆ ಜಾಗದಲ್ಲಿ ಏನು ಮಾಡಬಹುದೆಂಬ ಕ್ರಿಯಾಪದವನ್ನು ಇಡಿ. ಕೂರಬಹುದು, ಒಣಗಿಸಬಹುದು, ಓಡಾಡಬಹುದು. ಬದುಕಿನ ಚಿತ್ರ ಆಗ ತಾನಾಗಿ ಮೂಡುತ್ತದೆ. ಕ್ರಿಯಾಪದವನ್ನು ಪರೀಕ್ಷಿಸಿ ನೋಡಬಹುದು, ವಿಶೇಷಣವನ್ನು ನೋಡಲಾಗುವುದಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಸ್ಕ್ರಿಪ್ಟ್ ಮೊದಲು ಬರುತ್ತದೆ, ಅದನ್ನು ಅಷ್ಟೇ ಸೆಕೆಂಡಿಗೆ ಕನ್ನಡ ಮಾಡಿ ಎನ್ನುತ್ತಾರೆ. ನಮ್ಮ ಪದಗಳು ಉದ್ದ; ವಿಭಕ್ತಿ, ಪ್ರತ್ಯಯ ಎಲ್ಲ ಪದದೊಳಗೇ ಸೇರಿಕೊಳ್ಳುತ್ತವೆ. ನನ್ನ ಅನುಭವದಲ್ಲಿ ನಿಮಿಷಕ್ಕೆ ನೂರು ಪದ ದಾಟಿದರೆ ಓದುವವರು ಏದುಸಿರು ಬಿಡುತ್ತಾರೆ, ಸಂಖ್ಯೆಗಳು ಕಿವಿ ತಪ್ಪುತ್ತವೆ. ಮೂರು ನಿಮಿಷದ ವಿಡಿಯೊದಲ್ಲಿ ಒಂದು ನಿಮಿಷ ಮೌನಕ್ಕೆ ಬಿಡಿ. ಉಳಿದ ಎರಡು ನಿಮಿಷಕ್ಕೆ ಇನ್ನೂರು ಪದ. ಈ ಇಕ್ಕಟ್ಟಿನಿಂದ ಒಳ್ಳೆಯದೇ ಆಗುತ್ತದೆ. ‘ಸುಸ್ವಾಗತ’ಕ್ಕೂ ‘ಹಬ್ಬ’ಕ್ಕೂ ಜಾಗ ಉಳಿಯುವುದಿಲ್ಲ. ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆದುಕೊಡಿ, ಒಂದು ವಾಕ್ಯಕ್ಕೆ ಎರಡಕ್ಕಿಂತ ಹೆಚ್ಚು ಅಳತೆ ಬೇಡ. ಅಳತೆ ಹೇಳಿದ ಮೇಲೆ ಮೂರು ಸೆಕೆಂಡು ಸುಮ್ಮನಿರಿ, ಕಣ್ಣು ಅದನ್ನು ಚಿತ್ರದಲ್ಲಿ ಹುಡುಕಿಕೊಳ್ಳಲಿ.

ಮನೆಯಿಂದ ಹೊರಗೆ ಬಂದರೆ ಕಾಲದ ಪ್ರಶ್ನೆ ಏಳುತ್ತದೆ. ರೆಂಡರ್‌ನಲ್ಲಿ ಎಲ್ಲವೂ ಒಂದೇ ದಿನ ಸಿದ್ಧ. ಹದಿನೈದು ವರ್ಷ ಬೆಳೆದ ಮರ, ನೀರು ತುಂಬಿದ ಈಜುಕೊಳ, ಗೇಟಿನಾಚೆ ಹಸಿರು ಬಯಲು. ನಿಜದಲ್ಲಿ ಕ್ಲಬ್‌ಹೌಸ್ ಎರಡನೇ ಹಂತದಲ್ಲಿರಬಹುದು, ಮೊದಲ ಹಂತದವರು ಮನೆಗೆ ಬಂದು ವರ್ಷಗಳ ನಂತರ ಅದು ತೆರೆಯಬಹುದು. ಹಸಿರು ಬಯಲು ಇನ್ನೊಬ್ಬರ ಜಮೀನಾಗಿದ್ದು ನಾಳೆ ಅಲ್ಲೂ ಕಟ್ಟಡ ಏಳಬಹುದು. ಆದ್ದರಿಂದ ‘ಇದೆ’ ಮತ್ತು ‘ಬರಲಿದೆ’ ಎಂಬ ಎರಡು ಕ್ರಿಯಾಪದಗಳನ್ನು ಬೆರೆಸಬೇಡಿ. “ಕ್ಲಬ್‌ಹೌಸ್ ಎರಡನೇ ಹಂತದ ಜೊತೆ ಬರಲಿದೆ” ಎನ್ನಲು ಎರಡು ಸೆಕೆಂಡು ಹೆಚ್ಚು ಸಾಕು. ದೂರವನ್ನು ಹೇಳುವಾಗ ‘ಹತ್ತೇ ನಿಮಿಷ’ ಎನ್ನಬೇಡಿ. ಭಾನುವಾರ ಬೆಳಗಿನ ಹತ್ತು ನಿಮಿಷ ಸೋಮವಾರ ಒಂಬತ್ತು ಗಂಟೆಗೆ ಮೂವತ್ತಾಗುತ್ತದೆ. ಗೇಟಿನಿಂದ ಎಷ್ಟು ಕಿಲೋಮೀಟರ್ ಎಂದು ಹೇಳಿ, ಅದು ಬದಲಾಗುವುದಿಲ್ಲ. ನೀರಿನ ಮಾತಂತೂ ಬಿಡಲೇಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಕಾದದ್ದನ್ನು ನಾವೆಲ್ಲ ನೋಡಿದ್ದೇವೆ. ಕಾವೇರಿ ನೀರಿನ ಸಂಪರ್ಕ ಸಿಕ್ಕಿದೆಯೋ, ಅರ್ಜಿ ಹಾಕಿದ್ದಾರೋ, ಬೋರ್‌ವೆಲ್ ಮಾತ್ರವೋ ಎಂಬುದನ್ನು ಕೇಳಿ ಬರೆಯಿರಿ. ಕಾರಂಜಿಯ ಶಾಟ್ ಬರುವಾಗ ಈ ಮಾತು ಹೇಳಿದರೆ ಯಾರೂ ಮರೆಯುವುದಿಲ್ಲ.

ಇಷ್ಟೆಲ್ಲ ಬರೆಯಬೇಕಾದರೆ ಮಾರ್ಕೆಟಿಂಗ್ ಟಿಪ್ಪಣಿಯೊಂದೇ ಸಾಲದು. ನಾನು ಈಗ ಪೆನ್ನು ಹಿಡಿಯುವ ಮೊದಲು ನಾಲ್ಕು ಕಾಗದ ಕೇಳುತ್ತೇನೆ: ಮಂಜೂರಾದ ನಕ್ಷೆ, ಅಳತೆಯಿರುವ ಮನೆ ನಕ್ಷೆ, ಮಾರಾಟದ ಕರಾರಿನ ಜೊತೆ ಇರುವ ಸಾಮಗ್ರಿಗಳ ಪಟ್ಟಿ, ಹಂತಗಳ ವಿವರ. ಜೊತೆಗೆ ಕರ್ನಾಟಕ ರೇರಾದ ಜಾಲತಾಣ rera.karnataka.gov.in ತೆರೆದು ಆ ಯೋಜನೆಯ ಪುಟವನ್ನು ಓದುತ್ತೇನೆ. ನೋಂದಣಿ ಆಗದ ಹೊರತು, ಕಾಯ್ದೆಯ ವ್ಯಾಪ್ತಿಗೆ ಬರುವ ಯೋಜನೆಯ ಜಾಹೀರಾತನ್ನೇ ಮಾಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಲೇಬೇಕು. ಆಮೇಲೆ ಸೈಟಿಗೆ ಎರಡು ಸಲ ಹೋಗುತ್ತೇನೆ, ಒಮ್ಮೆ ಬೆಳಿಗ್ಗೆ ಎಂಟಕ್ಕೆ, ಒಮ್ಮೆ ಸಂಜೆ ಐದಕ್ಕೆ. ಬಿಸಿಲು, ಸದ್ದು, ವಾಸನೆ, ರಸ್ತೆ ಇವು ಯಾವ ಫೈಲಿನಲ್ಲೂ ಸಿಗುವುದಿಲ್ಲ.

“ಅವರು ಹೇಳಿದ್ದನ್ನು ಬರೆಯುವುದಷ್ಟೇ ನಮ್ಮ ಕೆಲಸ, ಕೊನೆಯಲ್ಲಿ ಸಣ್ಣ ಅಕ್ಷರದ ಸೂಚನೆ ಇರುತ್ತದಲ್ಲ” ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದನ್ನು ಕೇಳಿದ್ದೇನೆ. ರೇರಾ ಕಾಯ್ದೆಯ 12ನೇ ಕಲಮನ್ನು ದಯವಿಟ್ಟು ಓದಿ. ಜಾಹೀರಾತನ್ನೋ ಮಾದರಿ ಮನೆಯನ್ನೋ ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ತಪ್ಪು ಹೇಳಿಕೆಯಿಂದ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು. ಕೊಂಡವರು ಹಿಂದೆ ಸರಿಯಬಯಸಿದರೆ ಪೂರ್ತಿ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಹೊಣೆ ಪ್ರವರ್ತಕರದು, ನಿಜ. ಆದರೆ ಆ ಹೇಳಿಕೆಯನ್ನು ಬರೆದ ಕೈ ನಮ್ಮದು. ಕ್ಲೈಂಟ್ ಜೊತೆ ಮಾತಾಡುವಾಗ ನಾನು ನೀತಿ ಹೇಳುವುದಿಲ್ಲ, ಈ ಕಲಮನ್ನು ತೋರಿಸುತ್ತೇನೆ. ನಿಜ ಹೇಳುವ ಸಾಲು ಅವರಿಗೂ ರಕ್ಷಣೆ ಎಂದು ಅನೇಕರಿಗೆ ಅರ್ಥವಾಗುತ್ತದೆ.

ಅರ್ಥವಾಗದವರೂ ಇದ್ದಾರೆ. ಪಶ್ಚಿಮದ ಬಿಸಿಲಿನ ಸಾಲನ್ನು ತೆಗೆಯಿರಿ ಎನ್ನುತ್ತಾರೆ. ಆಗ ನಾನು ಇಟ್ಟುಕೊಂಡಿರುವ ಗೆರೆ ಇದು. ಒಂದು ಕೊರತೆಯನ್ನು ಹೇಳದೆ ಬಿಡಲು ಕೆಲವೊಮ್ಮೆ ಒಪ್ಪಬೇಕಾಗುತ್ತದೆ, ಮೂರು ನಿಮಿಷದಲ್ಲಿ ಎಲ್ಲವೂ ಹಿಡಿಸುವುದಿಲ್ಲ. ಆದರೆ ಅದರ ವಿರುದ್ಧದ ಮಾತನ್ನು ಬರೆಯುವುದಿಲ್ಲ. ಬಿಸಿಲಿನ ಸಾಲು ಹೋದರೆ ಎಳೆಬಿಸಿಲಿನ ಸಾಲೂ ಬರುವುದಿಲ್ಲ, ಬಾಲ್ಕನಿ ಪಶ್ಚಿಮಕ್ಕಿದೆ ಎಂಬ ಎರಡು ಪದ ಮಾತ್ರ ಉಳಿಯಬೇಕು. ದಿಕ್ಕು, ಕಾರ್ಪೆಟ್ ಅಳತೆ, ಬೆಲೆಯಲ್ಲಿ ಏನು ಸೇರಿಲ್ಲ ಎಂಬುದು, ಯಾವುದು ಇನ್ನೂ ಬರಬೇಕಿದೆ ಎಂಬುದು, ಈ ನಾಲ್ಕನ್ನು ಬಿಟ್ಟುಕೊಡುವುದಿಲ್ಲ. ಇದಕ್ಕಾಗಿ ಎರಡು ಕೆಲಸ ಕೈತಪ್ಪಿವೆ. ಉಳಿದವು ಉಳಿದಿವೆ.

ಗೆಳೆಯರೇ, ಮನೆ ಕೊಳ್ಳುವವರು ಇಪ್ಪತ್ತು ವರ್ಷದ ಸಾಲವನ್ನು ಹೊತ್ತು ಕೊಳ್ಳುತ್ತಾರೆ. ಅಷ್ಟು ವರ್ಷವೂ ನಮ್ಮ ಸಾಲು ನಿಜವೋ ಸುಳ್ಳೋ ಎಂಬುದನ್ನು ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ಅವರ ಮನೆಯ ನೆಲವೇ ಹೇಳುತ್ತಿರುತ್ತದೆ. ನಿಮ್ಮ ಮುಂದಿನ ಸ್ಕ್ರಿಪ್ಟಿನ ಮೊದಲ ಪದ ಬರೆಯುವ ಮುನ್ನ ನಕ್ಷೆ ಬಿಚ್ಚಿ, ಉತ್ತರದ ಬಾಣ ಎಲ್ಲಿದೆ ನೋಡಿ, ಬಾಲ್ಕನಿ ಯಾವ ಕಡೆಗಿದೆ ಎಂದು ಗುರುತು ಹಾಕಿ. ಬರೆಯುವುದು ಅಲ್ಲಿಂದ ಶುರುವಾಗಲಿ.

ಇತಿ ನಿಮ್ಮ,
ಇದೇ ಕೆಲಸ ಮಾಡುವ ಒಬ್ಬ ಬರಹಗಾರ